ಲ್ಯಾಬ್ ಟೆಕ್ನಿಷಿಯನ್ ರೆಸ್ಯೂಮೆಯಲ್ಲಿ ನಿಖರತೆಯನ್ನು ತೋರಿಸುವುದು ಹೇಗೆ?

ಪ್ರಶ್ನೆ

ಬಯೋಕೆಮಿಸ್ಟ್ರಿ ವಿಭಾಗದಲ್ಲಿ ನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ರೆಸ್ಯೂಮೆ ಹೀಗೆ ಶುರುವಾಗುತ್ತದೆ: ‘ತಂಡದ ಜೊತೆ ಹೊಂದಿಕೊಂಡು ಕೆಲಸ ಮಾಡಬಲ್ಲೆ. ಲ್ಯಾಬಿನ ಎಲ್ಲ ಯಂತ್ರಗಳನ್ನು ನಿರ್ವಹಿಸಿದ್ದೇನೆ. ನಿಖರತೆಗೆ ಆದ್ಯತೆ ಕೊಡುತ್ತೇನೆ. ದಿನವೂ ಕ್ಯೂಸಿ ಮಾಡುತ್ತೇನೆ.’ ಐದು ಕಡೆ ಕಳಿಸಿದೆ, ಒಂದು ಕಡೆಯಿಂದಲೂ ಕರೆ ಬಂದಿಲ್ಲ. ಏನು ಬದಲಿಸಲಿ?

ಲ್ಯಾಬ್ ಮೇಲ್ವಿಚಾರಕಿ

ನಾಲ್ಕರಲ್ಲಿ ಕೊನೆಯ ಸಾಲು ಮಾತ್ರ ಕೆಲಸಕ್ಕೆ ಬರುವಂಥದ್ದು, ಅದೂ ಅರ್ಧಕ್ಕೇ ನಿಂತಿದೆ. ಕ್ಯೂಸಿ ಎಲ್ಲರೂ ಮಾಡುತ್ತಾರೆ. ಎಷ್ಟು ಲೆವೆಲ್ ಕಂಟ್ರೋಲ್ ಹಾಕುತ್ತೀರಿ, ಅದು ಹೊರಗೆ ಬಂದ ದಿನ ಏನು ಮಾಡಿದಿರಿ, ಅದಕ್ಕೆ ಸಹಿ ಯಾರದು ಅನ್ನುವುದೇ ನಿಮ್ಮನ್ನು ಬೇರೆಯವರಿಂದ ಬೇರೆಯಾಗಿ ತೋರಿಸುವುದು.

ಮೊದಲು ಯಂತ್ರದ ಸಾಲು ಸರಿಮಾಡಿ. ‘ಎಲ್ಲ ಯಂತ್ರಗಳು’ ಎಂದು ಓದಿದಾಗ ನನಗೆ ಒಂದು ಯಂತ್ರವೂ ಕಣ್ಣಿಗೆ ಬರುವುದಿಲ್ಲ. ತಯಾರಕರ ಹೆಸರು, ಮಾಡೆಲ್ ಸಮೇತ ಬರೆಯಿರಿ. ಅದೇ ಯಂತ್ರ ಇರುವ ಲ್ಯಾಬಿನವರಿಗೆ ನಿಮಗೆ ತರಬೇತಿ ಕೊಡುವ ದಿನಗಳು ಉಳಿಯುತ್ತವೆ. ಅದರ ಪಕ್ಕದಲ್ಲೇ ನಿಮ್ಮ ಕೈ ಎಲ್ಲಿಯವರೆಗೆ ಹೋಗಿದೆ ಎಂದು ಹೇಳಿ. ಸ್ಯಾಂಪಲ್ ಇಟ್ಟು ಓಡಿಸುವುದು ಒಂದು ಮಟ್ಟ. ಬೆಳಗಿನ ಮೇಂಟೆನೆನ್ಸ್, ಪ್ರೋಬ್ ತೊಳೆಯುವುದು, ಕ್ಯುವೆಟ್ ಬ್ಲಾಂಕ್ ನೋಡುವುದು ಇನ್ನೊಂದು. ಕ್ಯಾಲಿಬ್ರೇಷನ್ ಹಾಕಿ ಅದನ್ನು ಒಪ್ಪುವ ಅಥವಾ ತಿರಸ್ಕರಿಸುವ ನಿರ್ಧಾರ ಅದಕ್ಕೂ ಮೇಲೆ. ಎಂಜಿನಿಯರ್ ಬರುವ ಮೊದಲೇ ದೋಷ ಎಲ್ಲಿದೆ ಎಂದು ಹುಡುಕಿದ್ದರೆ ಅದನ್ನು ಬೇರೆಯಾಗಿಯೇ ಬರೆಯಬೇಕು. ಮಾಡದ್ದನ್ನು ಮಾತ್ರ ಸೇರಿಸಬೇಡಿ. ‘ಪಿಪೆಟ್ ಕ್ಯಾಲಿಬ್ರೇಷನ್ ಮಾಡಿದ್ದೇನೆ’ ಎಂದು ಬರೆದವರನ್ನು, 1 ಮಿಲಿ ನೀರು 20 ಡಿಗ್ರಿಯಲ್ಲಿ ಎಷ್ಟು ತೂಗುತ್ತದೆ ಎಂದು ಕೇಳಿದರೆ ಸಾಕು. ತೂಕ ಹಾಕಿ ನೋಡಿದವರು 0.998 ಗ್ರಾಂ ಎನ್ನುತ್ತಾರೆ. ಹೊರಗಿನ ಏಜೆನ್ಸಿಗೆ ಕಳಿಸಿ ಸರ್ಟಿಫಿಕೇಟ್ ತರಿಸಿದವರು ತಡವರಿಸುತ್ತಾರೆ. ಕಳಿಸಿ ತರಿಸುವುದೂ ಕೆಲಸವೇ, ಅವಧಿ ಮುಗಿಯುವ ಮೊದಲು ಕಳಿಸುತ್ತಿದ್ದೆ ಎಂದು ಬರೆದರೆ ಅದೂ ಒಳ್ಳೆಯ ಸಾಲು.

ನಿಮ್ಮ ಯಂತ್ರಗಳು ಯಾವುವು, ಕಂಟ್ರೋಲ್ ಹೊರಗೆ ಬಂದ ಒಂದು ಪ್ರಸಂಗ ಏನು, ಇಲ್ಲಿ ಬರೆಯಿರಿ. ಅದರಿಂದಲೇ ಸಾಲು ಕಟ್ಟೋಣ.

ಹೆಮಟಾಲಜಿ ಟೆಕ್ನಿಷಿಯನ್

ಇಷ್ಟು ಉದ್ದ ಯಾರೂ ಓದಲ್ಲ ಮೇಡಂ. ಅಂಕಿ ಹಾಕಿದರೆ ಸಾಕು. ‘ನಿಖರತೆ 99.9%, ಎಲ್ಲ ಪ್ಯಾರಾಮೀಟರ್‌ಗಳ ಸಿವಿ 2%ಗಿಂತ ಕಡಿಮೆ’ ಎಂದು ದಪ್ಪಕ್ಷರದಲ್ಲಿ ಮೇಲೆಯೇ ಹಾಕಿ.

ಕ್ವಾಲಿಟಿ ಮ್ಯಾನೇಜರ್

ಅಂಕಿ ಬೇಕು ಅನ್ನುವುದು ಸರಿ. ಆದರೆ ಈ ಎರಡು ಅಂಕಿಗಳೇ ಸಂದರ್ಶನದಲ್ಲಿ ಕಾಲು ಹಿಡಿದು ಎಳೆಯುವುದು.

99.9 ಯಾವುದರಲ್ಲಿ ಯಾವುದು? ಭಾಗಿಸಿದ್ದು ಯಾವುದನ್ನು, ಯಾವುದರಿಂದ? ಲ್ಯಾಬಿನಲ್ಲಿ ಎಣಿಸಬಹುದಾದದ್ದು ತಿದ್ದಿ ಮರಳಿ ಕಳಿಸಿದ ವರದಿಗಳು. ವರ್ಷಕ್ಕೆ 48,000 ವರದಿ ಹೋಗಿ 19 ತಿದ್ದುಪಡಿಯಾಗಿದ್ದರೆ, ಹತ್ತು ಸಾವಿರಕ್ಕೆ ಸುಮಾರು ನಾಲ್ಕು. ಅದು ಇಡೀ ವಿಭಾಗದ ಲೆಕ್ಕ, ಒಬ್ಬರದ್ದಲ್ಲ, ಆದ್ದರಿಂದ ‘ನಾನಿದ್ದ ವಿಭಾಗದಲ್ಲಿ’ ಎಂದೇ ಬರೆಯಬೇಕು. ಮತ್ತೆ, ಯಾರ ಕಣ್ಣಿಗೂ ಬೀಳದೆ ಹೋದ ತಪ್ಪು ಈ ಲೆಕ್ಕದಲ್ಲಿ ಇರುವುದೇ ಇಲ್ಲ. ಅದಕ್ಕೇ ಶೇಕಡಾ ನಿಖರತೆ ಎಂದು ಕರೆಯಬಾರದು.

ಸಿವಿ ಕಡಿಮೆ ಇದ್ದ ಮಾತ್ರಕ್ಕೆ ಫಲಿತಾಂಶ ಸರಿ ಎಂದೂ ಆಗುವುದಿಲ್ಲ. ಗ್ಲೂಕೋಸ್ ಕಂಟ್ರೋಲ್ ತಿಂಗಳಿಡೀ ಸರಾಸರಿ 100, ಎಸ್‌ಡಿ 2 ಬಂದರೆ ಸಿವಿ 2%, ನೋಡಲು ಚಂದ. ಆ ಕಂಟ್ರೋಲ್‌ನ ನಿಜವಾದ ಗುರಿ ಮೌಲ್ಯ 94 ಆಗಿದ್ದರೆ ಯಂತ್ರ ದಿನವೂ ಒಂದೇ ಕಡೆಗೆ ಸುಮಾರು 6.4% ತಪ್ಪುತ್ತಿದೆ, ಅದೂ ಬಹಳ ಶಿಸ್ತಾಗಿ. ಮತ್ತೆ ಮತ್ತೆ ಅದೇ ಬರುವುದನ್ನು ಸಿವಿ ಹೇಳುತ್ತದೆ. ನಿಜಕ್ಕೆ ಎಷ್ಟು ಹತ್ತಿರ ಎಂಬುದು ಗೊತ್ತಾಗುವುದು ಹೊರಗಿನ ಗುಣಮಟ್ಟ ಪರೀಕ್ಷೆಯ ಸ್ಯಾಂಪಲ್‌ನಲ್ಲಿ, ನಮ್ಮ ಉತ್ತರವನ್ನು ಬೇರೆ ಲ್ಯಾಬ್‌ಗಳ ಜೊತೆ ಹೋಲಿಸಿದಾಗ. ಝಡ್ ಸ್ಕೋರ್ 2ರ ಒಳಗಿದ್ದರೆ ಸರಿ, 3 ಮುಟ್ಟಿದರೆ ತನಿಖೆ. ರೆಸ್ಯೂಮೆಯಲ್ಲಿ ಈ ಎರಡೂ ಜೊತೆಯಾಗಿ ಬಂದರೆ, ಬರೆದವರಿಗೆ ವಿಷಯ ಗೊತ್ತಿದೆ ಎಂದು ಅಲ್ಲೇ ತಿಳಿಯುತ್ತದೆ. ಹೆಮಟಾಲಜಿಯಲ್ಲಿ ಎಲ್ಲಕ್ಕೂ ಒಂದೇ ಸಿವಿ ಬರೆಯುವುದಂತೂ ಬೇಡವೇ ಬೇಡ. ಹಿಮೋಗ್ಲೋಬಿನ್‌ಗೆ 2%ರ ಒಳಗೆ ಬರುತ್ತದೆ, ಪ್ಲೇಟ್‌ಲೆಟ್‌ಗೂ ಅಷ್ಟೇ ಎಂದರೆ, ಅದರಲ್ಲೂ ಕಡಿಮೆ ಲೆವೆಲ್ ಕಂಟ್ರೋಲ್‌ನಲ್ಲಿ, ನಂಬುವುದು ಕಷ್ಟ.

ಹೆಮಟಾಲಜಿ ಟೆಕ್ನಿಷಿಯನ್

ಪ್ಲೇಟ್‌ಲೆಟ್ ಮಾತು ಒಪ್ಪಿದೆ ಸರ್. ಆದರೂ ಮೊದಲ ಪುಟದಲ್ಲಿ ಅಂಕಿ ಕಾಣಲೇಬೇಕು, ಅದನ್ನು ಬಿಡಲ್ಲ.

ಪ್ರಶ್ನೆ ಕೇಳಿದವರು

ಮೇಡಂ, ನನ್ನ ಕೈಯಲ್ಲಿರುವುದು ಒಂದು ಫುಲ್ಲಿ ಆಟೋಮೇಟೆಡ್ ಬಯೋಕೆಮಿಸ್ಟ್ರಿ ಅನಲೈಜರ್, ಒಂದು ಐಎಸ್‌ಇ ಎಲೆಕ್ಟ್ರೊಲೈಟ್ ಅನಲೈಜರ್. ಒಂದು ಶಿಫ್ಟ್‌ಗೆ ಸುಮಾರು 250 ಸ್ಯಾಂಪಲ್. ಬೆಳಿಗ್ಗೆ ಎರಡು ಲೆವೆಲ್ ಕಂಟ್ರೋಲ್. ಒಮ್ಮೆ ಸೋಡಿಯಂ ಕಂಟ್ರೋಲ್, ಸರಾಸರಿ 140, ಎಸ್‌ಡಿ 1, ನಾಲ್ಕು ದಿನ ಹೀಗೆ ಬಂತು: 141, 141.5, 142.3, 142.4. ಸೋಡಿಯಂ ಎಲೆಕ್ಟ್ರೋಡ್ ಬದಲಿಸಿದೆ, ಸರಿಹೋಯಿತು. ಇದನ್ನು ಬರೆಯಬಹುದೇ? ‘ಎಲೆಕ್ಟ್ರೋಡ್ ಬದಲಿಸಿದ್ದೇನೆ’ ಎಂದರೆ ಬಹಳ ಸಣ್ಣದು ಅನಿಸುತ್ತದೆ.

ಲ್ಯಾಬ್ ಮೇಲ್ವಿಚಾರಕಿ

ಎಲೆಕ್ಟ್ರೋಡ್ ಸಣ್ಣದು. ಅದರ ಸುತ್ತ ನಡೆದದ್ದು ದೊಡ್ಡದು. ಮೂರನೇ ದಿನದ ಬೆಲೆ 2 ಎಸ್‌ಡಿ ದಾಟಿತು, ಅದು ಎಚ್ಚರಿಕೆ. ನಾಲ್ಕನೇ ದಿನ ಅದೇ ಕಡೆಗೆ ಮತ್ತೆ ದಾಟಿತು, ಆಗ ರನ್ ತಿರಸ್ಕರಿಸಲೇಬೇಕು. ಅದನ್ನು ಎಲ್‌ಜೆ ಚಾರ್ಟ್ ನೋಡಿ ಹಿಡಿದವರು ನೀವೇ ಆಗಿದ್ದರೆ ಅದೇ ಸಾಲಿನ ಜೀವ. ಈಗ ನಾನು ಸಂದರ್ಶನದಲ್ಲಿ ಕೇಳುವುದನ್ನೇ ಕೇಳುತ್ತೇನೆ: ಬರೀ ಕಂಟ್ರೋಲ್ ಮತ್ತೆ ಓಡಿಸಿ ಒಳಗೆ ಬಂತು ಎಂದು ಮುಂದೆ ಹೋದಿರಾ? ಹೊಸ ಎಲೆಕ್ಟ್ರೋಡ್ ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಿದಿರಾ? ಕಂಟ್ರೋಲ್ ಕೊನೆಯ ಬಾರಿ ಸರಿ ಇದ್ದ ಹೊತ್ತಿನಿಂದ ಈಚೆಗೆ ಹೋದ ರೋಗಿಗಳ ವರದಿಗಳ ಕಥೆ ಏನಾಯಿತು?

ಪ್ರಶ್ನೆ ಕೇಳಿದವರು

ಚಾರ್ಟ್ ನೋಡಿದ್ದು ನಾನೇ. ಆ ಬೆಳಗಿನ ಎಲೆಕ್ಟ್ರೊಲೈಟ್ ವರದಿಗಳನ್ನು ತಡೆಹಿಡಿದೆ. ಎಲೆಕ್ಟ್ರೋಡ್ ಹಾಕಿ ಕ್ಯಾಲಿಬ್ರೇಷನ್, ಆಮೇಲೆ ಎರಡೂ ಲೆವೆಲ್. ಹಿಂದಿನ ದಿನದ, ಫ್ರಿಡ್ಜ್‌ನಲ್ಲಿಟ್ಟಿದ್ದ 15 ಸೀರಂ ಮತ್ತೆ ಓಡಿಸಿದೆವು. ಎರಡು ವರದಿ ಗಡಿಯ ಆಚೆ ಈಚೆ ಆಗಿದ್ದವು, ತಿದ್ದಿ ಕಳಿಸಿ ವೈದ್ಯರಿಗೆ ಫೋನ್ ಮಾಡಿದೆವು. ರಿಜಿಸ್ಟರಿನಲ್ಲಿ ನನ್ನ ಸಹಿ, ಮೇಲ್ವಿಚಾರಕರ ಸಹಿ ಎರಡೂ ಇವೆ.

ಲ್ಯಾಬ್ ಮೇಲ್ವಿಚಾರಕಿ

ಹಾಗಿದ್ದರೆ ಮೇಲಿನ ನಾಲ್ಕೂ ಸಾಲು ತೆಗೆದು ಇದನ್ನು ಹಾಕಿ:

‘ಫುಲ್ಲಿ ಆಟೋಮೇಟೆಡ್ ಬಯೋಕೆಮಿಸ್ಟ್ರಿ ಅನಲೈಜರ್ ಮತ್ತು ಐಎಸ್‌ಇ ಎಲೆಕ್ಟ್ರೊಲೈಟ್ ಅನಲೈಜರ್ (ಮಾಡೆಲ್ ಹೆಸರು ಇಲ್ಲಿ): ಶಿಫ್ಟ್‌ಗೆ ಸುಮಾರು 250 ಸ್ಯಾಂಪಲ್. ದೈನಂದಿನ ಮೇಂಟೆನೆನ್ಸ್, ಕ್ಯಾಲಿಬ್ರೇಷನ್, ಎಲೆಕ್ಟ್ರೋಡ್ ಬದಲಾವಣೆ ಸ್ವಂತವಾಗಿ.’

‘ದಿನವೂ ಎರಡು ಲೆವೆಲ್ ಕಂಟ್ರೋಲ್, ಎಲ್‌ಜೆ ಚಾರ್ಟ್ ಪರಿಶೀಲನೆ. ಸೋಡಿಯಂ ಕಂಟ್ರೋಲ್ ಸತತ ಎರಡು ದಿನ 2 ಎಸ್‌ಡಿ ದಾಟಿದ್ದನ್ನು ಗುರುತಿಸಿ ವರದಿ ತಡೆದು, ಎಲೆಕ್ಟ್ರೋಡ್ ಬದಲಿಸಿ ಕ್ಯಾಲಿಬ್ರೇಟ್ ಮಾಡಿ, ಹಿಂದಿನ 15 ಸ್ಯಾಂಪಲ್ ಮರುಪರೀಕ್ಷಿಸಿ 2 ವರದಿ ತಿದ್ದಲಾಯಿತು. ಸರಿಪಡಿಸಿದ ಕ್ರಮದ ದಾಖಲೆ ನನ್ನದು.’

ಎರಡನೇ ಸಾಲು ಉದ್ದವಾಯಿತು, ಇರಲಿ. ಕ್ಯೂಸಿ ಓದಬಲ್ಲವರು, ಯಂತ್ರಕ್ಕೆ ಕೈಹಾಕಬಲ್ಲವರು, ಹೊರಟುಹೋದ ವರದಿಯ ಜವಾಬ್ದಾರಿ ಹೊತ್ತವರು ಎಂಬ ಮೂರೂ ಅದರೊಳಗೇ ಇವೆ. ‘ತಂಡದಲ್ಲಿ ಕೆಲಸ ಮಾಡಬಲ್ಲೆ’ ಎಂದು ಬೇರೆ ಬರೆಯಬೇಕಿಲ್ಲ, ವೈದ್ಯರಿಗೆ ಫೋನ್ ಮಾಡಿದ್ದನ್ನು ಸೇರಿಸಿದರೆ ಅದೇ ಸಾಕು.

ಹೆಮಟಾಲಜಿ ಟೆಕ್ನಿಷಿಯನ್

ತಪ್ಪು ವರದಿ ಹೋಗಿತ್ತು ಎಂದು ನಾವೇ ಬರೆದುಕೊಳ್ಳುವುದೇ? ‘2 ವರದಿ ತಿದ್ದಲಾಯಿತು’ ಅನ್ನುವುದನ್ನು ನಾನಾದರೆ ತೆಗೆಯುತ್ತಿದ್ದೆ.

ಕ್ವಾಲಿಟಿ ಮ್ಯಾನೇಜರ್

ನಾನು ಇಡುತ್ತಿದ್ದೆ. ಹಿಂದಿನ ವರದಿ ಹುಡುಕಿ ನೋಡಿದವರಿಗೆ ಮಾತ್ರ ಆ ಸಂಖ್ಯೆ ಗೊತ್ತಿರುತ್ತದೆ. ಆದರೆ ಸಣ್ಣ ಲ್ಯಾಬ್‌ಗಳಲ್ಲಿ ಮಾಲೀಕರೇ ರೆಸ್ಯೂಮೆ ಓದುತ್ತಾರೆ, ಅವರು ಬೇರೆ ಥರ ತೆಗೆದುಕೊಳ್ಳಲೂಬಹುದು. ಅದು ನಿಮ್ಮ ತೀರ್ಮಾನಕ್ಕೆ ಬಿಟ್ಟದ್ದು.

ನಿಯಮಪಾಲನೆಯ ಸಾಲಿನಲ್ಲಿ ಒಂದು ಎಚ್ಚರ. ‘ನಾನು ಐಎಸ್‌ಒ 15189 ಪ್ರಮಾಣಿತ’ ಎಂದು ಬರೆಯುವವರು ತುಂಬ ಜನ. ಆ ಮಾನ್ಯತೆ ಸಿಗುವುದು ಲ್ಯಾಬ್‌ಗೆ, ಅದೂ ಗೊತ್ತುಪಡಿಸಿದ ಪರೀಕ್ಷೆಗಳಿಗೆ, ವ್ಯಕ್ತಿಗಲ್ಲ. ಆಂತರಿಕ ಆಡಿಟ್ ತರಬೇತಿಯ ಸರ್ಟಿಫಿಕೇಟ್ ಇದ್ದರೆ ಅದನ್ನು ಅದರ ಹೆಸರಿನಲ್ಲೇ ಹಾಕಿ. ಇಲ್ಲದಿದ್ದರೆ ‘ಐಎಸ್‌ಒ 15189 ಮಾನ್ಯತೆಯ ಲ್ಯಾಬಿನಲ್ಲಿ ಕೆಲಸ’ ಎಂದು ಬರೆದು, 2012ರ ಆವೃತ್ತಿಯೋ 2022ರದ್ದೋ ಹೇಳಿ. ಆಡಿಟ್ ದಿನ ನಿಮ್ಮ ಕೈಯಿಂದ ಯಾವ ದಾಖಲೆ ಕೇಳಿದರು ಎಂಬುದು ಗೊತ್ತಿದ್ದರೆ ಇನ್ನೂ ಒಳ್ಳೆಯದು: ರೀಏಜೆಂಟ್ ಲಾಟ್ ಬದಲಾದಾಗಿನ ಹೋಲಿಕೆ, ಫ್ರಿಡ್ಜ್ ತಾಪಮಾನದ ಲಾಗ್, ಕ್ರಿಟಿಕಲ್ ವ್ಯಾಲ್ಯೂ ತಿಳಿಸಿದ ರಿಜಿಸ್ಟರ್. ಹೊರಗಿನ ಗುಣಮಟ್ಟ ಪರೀಕ್ಷೆಯ ವರದಿಯ ಪ್ರತಿ, ರೋಗಿಯ ಗುರುತಿನ ಸಂಖ್ಯೆ, ಎಸ್‌ಒಪಿ ಪುಟಗಳನ್ನು ಮಾತ್ರ ಲಗತ್ತಿಸಬೇಡಿ. ಗೋಪ್ಯತೆ ಕಾಪಾಡದವರು ಎಂದು ಅಲ್ಲೇ ಪಕ್ಕಕ್ಕಿಡುತ್ತಾರೆ.

ಫಾರ್ಮಸಿಸ್ಟ್

ನನ್ನದು ಆಸ್ಪತ್ರೆ ಫಾರ್ಮಸಿ. ಹಾಗಾದರೆ ತಿಂಗಳಿಗೆ ಎಷ್ಟು ಮಾರಾಟ ಮಾಡಿಸಿದೆ ಎಂದು ಮೇಲೆ ಹಾಕಲೇ?

ಕ್ವಾಲಿಟಿ ಮ್ಯಾನೇಜರ್

ಮಾರಾಟದ ಲೆಕ್ಕ ಇಲ್ಲಿ ಕೇಳುತ್ತಿಲ್ಲ ಸರ್. ಆಸ್ಪತ್ರೆಯವರು ಹುಡುಕುವುದು ಬೇರೆ. ನಿಯಂತ್ರಿತ ಔಷಧಿಗಳ ರಿಜಿಸ್ಟರ್ ನಿಮ್ಮ ಹೊಣೆಯಾಗಿದ್ದರೆ, ಎಷ್ಟು ದಿನಕ್ಕೊಮ್ಮೆ ಕೈಯಲ್ಲಿದ್ದ ದಾಸ್ತಾನು ಎಣಿಸಿ ರಿಜಿಸ್ಟರ್ ಜೊತೆ ತಾಳೆ ನೋಡುತ್ತಿದ್ದಿರಿ, ವ್ಯತ್ಯಾಸ ಬಂದರೆ ಏನು ಮಾಡಿದಿರಿ ಎಂದು ಬರೆಯಿರಿ. ಇನ್ಸುಲಿನ್, ಲಸಿಕೆ ಇಡುವ ಫ್ರಿಡ್ಜ್ 2ರಿಂದ 8 ಡಿಗ್ರಿ ಬಿಟ್ಟು ಹೋದ ದಿನ ಆ ದಾಸ್ತಾನನ್ನು ಬೇರೆ ಇಟ್ಟು, ಎಷ್ಟು ಹೊತ್ತು ಹೊರಗಿತ್ತು ಎಂದು ಡೇಟಾ ಲಾಗರ್‌ನಲ್ಲಿ ನೋಡಿ, ತಯಾರಕರನ್ನು ಕೇಳಿ ತೀರ್ಮಾನಿಸಿದಿರಾ? ಅದು ಮಾರಾಟದ ಅಂಕಿಗಿಂತ ಮೇಲಿನ ಸಾಲು. ಹೆಸರು ಒಂದೇ ಥರ ಕೇಳುವ ಔಷಧಿಗಳಲ್ಲಿ ತಪ್ಪು ಕೌಂಟರ್ ದಾಟುವ ಮೊದಲೇ ಹಿಡಿದದ್ದನ್ನೂ ದಾಖಲಿಸಿದ್ದರೆ ಸಂಖ್ಯೆ ಹಾಕಿ. ದಾಖಲೆ ಇಲ್ಲದಿದ್ದರೆ ಸಂಖ್ಯೆ ಬೇಡ.

ಫಾರ್ಮಸಿಸ್ಟ್

ನಮ್ಮಲ್ಲಿ ಹಾಗೆ ಹಿಡಿದ ತಪ್ಪುಗಳನ್ನು ಯಾರೂ ಬರೆದಿಡುವುದಿಲ್ಲ. ಆಗಲೇ ಸರಿಮಾಡಿ ಬಿಟ್ಟುಬಿಡುತ್ತೇವೆ. ಫ್ರಿಡ್ಜ್ ಲಾಗ್ ಮಾತ್ರ ಎರಡು ವರ್ಷದ್ದು ಇದೆ.

ಕ್ವಾಲಿಟಿ ಮ್ಯಾನೇಜರ್

ಹಾಗಾದರೆ ಫ್ರಿಡ್ಜ್ ಸಾಲಿನಿಂದಲೇ ಶುರುಮಾಡಿ. ಲಾಗ್ ದಿನಕ್ಕೆ ಎಷ್ಟು ಸಲ, ಅಲಾರಂ ಎಷ್ಟಕ್ಕೆ ಇಟ್ಟಿತ್ತು, ಎರಡು ವರ್ಷದಲ್ಲಿ ಎಷ್ಟು ಸಲ ದಾಟಿತು ಎಂದು ಆ ಹಾಳೆಗಳಲ್ಲೇ ಎಣಿಸಿಕೊಂಡು ಬನ್ನಿ.