ದೊಡ್ಡ ಪಾತ್ರೆಗೆ ಉಪ್ಪು: ಕಿಲೋಗೆ ಎಷ್ಟು?

ಕಾಪುವಿನಿಂದ, ಕೇಳಿದವರು:
ಬರುವ ತಿಂಗಳು ಮನೆಯಲ್ಲಿ ಸತ್ಯನಾರಾಯಣ ಪೂಜೆ. 60 ಜನ ಊಟಕ್ಕೆ. ಸಾಂಬಾರು, ತೊವ್ವೆ, ಅನ್ನ ನಾನೇ ಮಾಡಬೇಕು. ಕಳೆದ ಸಲ ಮಗಳ ಹುಟ್ಟುಹಬ್ಬಕ್ಕೆ ಮನೆ ಅಳತೆಯನ್ನೇ ಹತ್ತು ಪಟ್ಟು ಮಾಡಿದೆ, ಸಾಂಬಾರು ಬಾಯಿಗಿಡಲಿಕ್ಕೆ ಆಗಲಿಲ್ಲ. ಇಷ್ಟು ಕಿಲೋಗೆ ಇಷ್ಟು ಉಪ್ಪು ಅಂತ ಏನಾದರೂ ಲೆಕ್ಕ ಉಂಟಾ?

ಉಡುಪಿಯಿಂದ, ಅಡುಗೆ ಕೆಲಸದವರು:
ಉಂಟು ಅಕ್ಕ. ಪಾತ್ರೆ ಇಳಿಸುವಾಗ ಅದರಲ್ಲಿ ಎಷ್ಟು ಕಿಲೋ ಸಾಂಬಾರು ಇರುತ್ತದೋ ಅದರ ನೂರಕ್ಕೆ ಒಂದು ಪಾಲು, ಅಂದರೆ ಕಿಲೋಗೆ 10 ಗ್ರಾಂ. ನಮ್ಮಲ್ಲಿ ಅನ್ನಕ್ಕೆ ಉಪ್ಪು ಹಾಕುವುದಿಲ್ಲ, ಹಾಗಾಗಿ ಸಾಂಬಾರಿಗೆ 11 ಗ್ರಾಂ ತನಕ ಹೋಗಬಹುದು. ತೊವ್ವೆಗೆ 9 ಸಾಕು. ಮಕ್ಕಳು ಅದನ್ನು ಬರೀ ಬಾಯಿಗೆ ಹಾಕಿಕೊಳ್ಳುತ್ತಾರೆ.

ಇಳಿಸುವಾಗಿನ ತೂಕ ಅಂದದ್ದು ಸುಮ್ನೆ ಅಲ್ಲ. ಸಾಂಬಾರು ತೆಳ್ಳಗೆ 14 ಕಿಲೋ ಇರುವಾಗ ನೀವು 140 ಗ್ರಾಂ ಹಾಕುತ್ತೀರಿ, ರುಚಿ ಸರಿ ಇರುತ್ತದೆ. ಆಮೇಲೆ ದಪ್ಪ ಆಗಲಿ ಅಂತ ಕುದಿಸುತ್ತೀರಿ. 12 ಕಿಲೋಗೆ ಇಳಿಯಿತು. ನೀರು ಹೋಯಿತು, ಉಪ್ಪು ಹೋಗಲಿಲ್ಲ. ಈಗ ಕಿಲೋಗೆ ಹನ್ನೆರಡರ ಹತ್ತಿರ ಆಯಿತಲ್ವಾ? ಮೊದಲೇ ಎರಡು ಚಮಚ ಜಾಸ್ತಿ ಬಿದ್ದಿದ್ದರೆ ಕಥೆ ಮುಗಿಯಿತು.

ಬಿಸಿ ಪಾತ್ರೆಯನ್ನು ತೂಗಲಿಕ್ಕೆ ಹೋಗಬೇಡಿ. ಹಿಂದಿನ ದಿನವೇ ಅದೇ ಪಾತ್ರೆಗೆ 12 ಲೀಟರ್ ನೀರು ಅಳೆದು ಹಾಕಿ. ಉದ್ದದ ಸೌಟನ್ನು ತಳ ಮುಟ್ಟುವ ಹಾಗೆ ನೆಟ್ಟಗೆ ನಿಲ್ಲಿಸಿ, ನೀರು ಎಲ್ಲಿಗೆ ಬಂತೋ ಅಲ್ಲಿ ಹಿಡಿಗೆ ದಾರ ಕಟ್ಟಿ. 60 ಜನಕ್ಕೆ 12 ಲೀಟರ್ ಸಾಂಬಾರು ಸಾಕು, ಲೀಟರಿಗೆ ಒಂದು ಕಿಲೋ ಅಂತ ಹಿಡಿಯಿರಿ. ಕುದಿದು ದಾರದ ತನಕ ಇಳಿದರೆ ತೂಕ ಸಿಕ್ಕಿತು. ಒಟ್ಟು ಉಪ್ಪು 120 ಗ್ರಾಂ.

ಬಂಟ್ವಾಳದಿಂದ:
ಅಷ್ಟೆಲ್ಲ ಯಾಕೆ ಮಾರಾಯ್ರೆ. ಜಾಸ್ತಿ ಆದರೆ ಎರಡು ಬಟಾಟೆ ತುಂಡು ಮಾಡಿ ಹಾಕಿದರೆ ಉಪ್ಪೆಲ್ಲ ಎಳೆದುಕೊಳ್ಳುತ್ತದೆ. ನಮ್ಮ ಅಜ್ಜಿ ಹಾಗೇ ಮಾಡುತ್ತಿದ್ದರು.

ಉಡುಪಿಯಿಂದ, ಅಡುಗೆ ಕೆಲಸದವರು:
ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿ ಅಣ್ಣ. ಬಟಾಟೆ ಉಪ್ಪನ್ನು ಮಾತ್ರ ಹೆಕ್ಕಿಕೊಳ್ಳುವುದಿಲ್ಲ, ಉಪ್ಪು ಇರುವ ನೀರನ್ನೇ ಕುಡಿಯುತ್ತದೆ. ಹೊರಗಿನ ಸಾಂಬಾರಿನ ಕಟು ಹಾಗೇ ಇರುತ್ತದೆ. ಉಪ್ಪಿಲ್ಲದ ಒಂದು ಕಿಲೋ ಬಟಾಟೆ ಹಾಕಿ ಬೇಯಿಸಿದರೆ ಒಟ್ಟು ತೂಕ 12ರಿಂದ 13 ಆಗುತ್ತದೆ, ಆ ಒಂದು ಪಾಲಿನಷ್ಟು ತೆಳು ಆಗುತ್ತದೆ. ಎರಡು ತುಂಡಿಗೆ ದೊಡ್ಡ ಪಾತ್ರೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ನಾವು ಮಾಡುವುದು ಬೇರೆ. ಬೆಂದ ಬೇಳೆ ಒಂದೆರಡು ಲೀಟರ್, ಒಂದು ಹಿಡಿ ಅರೆದ ಮಸಾಲೆ, ಸ್ವಲ್ಪ ಹುಳಿ ನೀರು ಇಷ್ಟನ್ನೂ ಉಪ್ಪು ಹಾಕದೆ ಬದಿಗೆ ಇಟ್ಟಿರುತ್ತೇವೆ. ಕಟು ಆಯಿತು ಅಂದರೆ ಅದನ್ನು ಸೇರಿಸಿ ಒಂದು ಕುದಿ ಬರಿಸುವುದು. ಬರೀ ನೀರು ಹಾಕಿದರೆ ಉಪ್ಪು ಸರಿಯಾಗುತ್ತದೆ, ಸಾಂಬಾರು ಹಾಳಾಗುತ್ತದೆ. ಉಡುಪಿ ಸಾಂಬಾರಿಗೆ ಬೆಲ್ಲ ಬೀಳುವುದರಿಂದ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ದೊಡ್ಡದಕ್ಕೆ ಬೆಲ್ಲ ಹಾಕಿದರೆ ಪಾಯಸಕ್ಕೆ ಉಪ್ಪು ಹಾಕಿದ ಹಾಗೆ.

ಮಂಗಳೂರಿನಿಂದ:
ನನಗೂ ಇದೇ ಕಷ್ಟ. ಬಂಗುಡೆ ಗಸಿ ಯಾವಾಗಲೂ ಉಪ್ಪುಪ್ಪು. ಮೀನಿಗೆ ಉಪ್ಪು, ಅರಸಿನ ಹಚ್ಚಿ ಅರ್ಧ ಗಂಟೆ ಇಡುತ್ತೇನೆ, ಮಸಾಲೆಗೆ ಅಳೆದೇ ಹಾಕುತ್ತೇನೆ. ಎಲ್ಲಿ ತಪ್ಪುತ್ತದೆ?

ಉಡುಪಿಯಿಂದ, ಅಡುಗೆ ಕೆಲಸದವರು:
ಪೂಜೆ ಸಾಂಬಾರಿನ ನಡುವೆ ಬಂಗುಡೆ ಬಂತು! ಇರಲಿ ಅಕ್ಕ, ಮೀನಿಗೆ ಹಚ್ಚಿದ್ದೂ ಅದೇ ಲೆಕ್ಕದ ಒಳಗೆ ಬರಬೇಕು. ಅದನ್ನು ಮೊದಲೇ ಅಳೆದು ಒಟ್ಟಿನಿಂದ ಕಳೆಯಿರಿ. ಪೂಜೆ ಮನೆಯವರಿಗೂ ಇದು ಸಲ್ಲುತ್ತದೆ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಹಾಕುವುದಾದರೆ ಎಷ್ಟು ನೆನೆಸಿ ಹಿಂಡಿದರೂ ಅದರಲ್ಲಿ ಸ್ವಲ್ಪ ಉಪ್ಪು ಉಳಿದೇ ಇರುತ್ತದೆ.

ಕಾಪುವಿನಿಂದ, ಕೇಳಿದವರು:
ಅಣ್ಣ, ನಾನು ಆಗಾಗ ರುಚಿ ನೋಡುತ್ತಲೇ ಇದ್ದೆ. ಚಪ್ಪೆ, ಚಪ್ಪೆ ಅಂತಲೇ ಕಂಡಿತು. ಬಡಿಸುವಾಗ ನೋಡಿದರೆ ಹಾಗಾಗಿತ್ತು. ನಾನು ಹಾಕಿದ್ದು ಕಲ್ಲುಪ್ಪು.

ಉಡುಪಿಯಿಂದ, ಅಡುಗೆ ಕೆಲಸದವರು:
ಅದನ್ನು ಮೊದಲು ಹೇಳಬೇಕಿತ್ತು! ತಳಕ್ಕೆ ಸೌಟು ತಾಗಿಸಿದರೆ ಜರಜರ ಅಂತ ಕೇಳುತ್ತಿತ್ತು ಅಲ್ವಾ? ಅದು ಕರಗದ ಉಪ್ಪು. ದಪ್ಪ ಸಾಂಬಾರಿನಲ್ಲಿ ಹರಳು ನಿಧಾನ ಕರಗುತ್ತದೆ, ತಳದಲ್ಲೇ ಕೂತಿರುತ್ತದೆ. ನೀವು ರುಚಿ ನೋಡಿದ್ದು ಮೇಲಿಂದ, ಒಗ್ಗರಣೆ ಎಣ್ಣೆ ತೇಲುವ ಕಡೆಯಿಂದ. ಚಪ್ಪೆ ಕಾಣದೆ ಇನ್ನೇನು? ಇನ್ನೊಂದು ಹಿಡಿ ಹಾಕಿದಿರಿ. ಬಡಿಸುವವ ತಳದಿಂದ ತಿರುಗಿಸಿದಾಗ ಎಲ್ಲ ಒಟ್ಟಿಗೆ ಮೇಲೆ ಬಂತು.

ಅದಕ್ಕೇ ದೊಡ್ಡ ಪಾತ್ರೆಗೆ ನಾವು ಉಪ್ಪು ನೀರು ಹಾಕುವುದು. 250 ಗ್ರಾಂ ಉಪ್ಪಿಗೆ ಬಿಸಿ ನೀರು ಸೇರಿಸಿ ಸರಿಯಾಗಿ ಒಂದು ಲೀಟರ್ ಮಾಡಿ. ಬಟ್ಟೆಯಲ್ಲಿ ಸೋಸಿ, ಕಲ್ಲುಪ್ಪಿನ ಮಣ್ಣೂ ಹೋಗುತ್ತದೆ. 100 ಮಿಲಿಗೆ 25 ಗ್ರಾಂ ಉಪ್ಪು. ನಿಮಗೆ ಬೇಕಾದ 120 ಗ್ರಾಂ ಅಂದರೆ 480 ಮಿಲಿ. ತರಕಾರಿ ಬೇಯುವಾಗ 300 ಮಿಲಿ ಹಾಕಿ, ಅದರ ರುಚಿ ಒಳಗೆ ಹೋಗಬೇಕು. ಕಾಯಿ ಅರೆದದ್ದು ಹಾಕಿ ಕುದಿದು ದಾರದ ಹತ್ತಿರ ಬಂದ ಮೇಲೆ 120. ಉಳಿದ 60 ಕೈಯಲ್ಲೇ ಇರಲಿ. ತಳದಿಂದ ಚೆನ್ನಾಗಿ ತಿರುಗಿಸಿ, ಒಂದು ಸಣ್ಣ ಗಿಂಡಿಗೆ ತೆಗೆದು ಆರಿಸಿ, ಎರಡು ಅಗುಳು ಅನ್ನ ಸೇರಿಸಿ ತಿಂದು ನೋಡಿ. ಕುದಿಯುವುದನ್ನು ನಾಲಿಗೆಗೆ ಹಾಕಿದರೆ ಉರಿ ಮಾತ್ರ ಗೊತ್ತಾಗುತ್ತದೆ. ಹತ್ತು ಸಲ ನೋಡಿದ ಮೇಲೆ ನಿಮ್ಮ ನಾಲಿಗೆಯನ್ನು ನಂಬಬೇಡಿ, ಅಡುಗೆ ಕೋಣೆಗೆ ಈಗಷ್ಟೇ ಬಂದವರನ್ನು ಕರೆಯಿರಿ.

ಕಾರ್ಕಳದಿಂದ:
ಒಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ಕಲ್ಲುಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಒದ್ದೆ ಉಪ್ಪನ್ನು 250 ಗ್ರಾಂ ತೂಗಿದರೆ ಅದರಲ್ಲಿ ಸ್ವಲ್ಪ ನೀರೇ. ಸಾಂಬಾರು ಸ್ವಲ್ಪ ಚಪ್ಪೆ ಆಗುತ್ತದೆ. ನಾನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತೂಗುತ್ತೇನೆ. ಚಮಚದ ಲೆಕ್ಕವಂತೂ ಬೇಡವೇ ಬೇಡ. ಪುಡಿ ಉಪ್ಪು ಟೀ ಚಮಚಕ್ಕೆ ತಲೆ ತಟ್ಟಿದರೆ 6 ಗ್ರಾಂ ಹತ್ತಿರ, ಗುಡ್ಡೆ ಹಾಕಿದರೆ ಅದರ ಒಂದೂವರೆ ಪಟ್ಟು. ಮನೆಯಲ್ಲಿ ಒಂದು ಚಮಚದಲ್ಲಿ ಇಷ್ಟು ವ್ಯತ್ಯಾಸ ಆದರೆ, ಹತ್ತು ಪಟ್ಟಿಗೆ ಎಷ್ಟು ಆದೀತು!

ಕಾಪುವಿನಿಂದ, ಕೇಳಿದವರು:
ಅನ್ನಕ್ಕೂ ಕಿಲೋಗೆ ಇಷ್ಟು ಅಂತ ಉಂಟಾ? ನೆಂಟರಲ್ಲಿ ಕೆಲವರು ಬೆಂಗಳೂರಿನವರು, ಬೆಳ್ತಿಗೆ ಅನ್ನಕ್ಕೆ ಉಪ್ಪು ಕೇಳುತ್ತಾರೆ.

ಉಡುಪಿಯಿಂದ, ಅಡುಗೆ ಕೆಲಸದವರು:
ಹಾಕದಿದ್ದರೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅನ್ನಕ್ಕೂ ಉಪ್ಪು, ಸಾಂಬಾರಿಗೂ ಕಿಲೋಗೆ 11 ಆದರೆ ಎಲೆಯಲ್ಲಿ ಎರಡೂ ಸೇರಿ ಜಾಸ್ತಿ ಆಗುತ್ತದೆ. ಹಾಕಲೇಬೇಕು ಅಂದರೆ ಬೆಂದ ಅನ್ನದ ಕಿಲೋಗೆ 5 ಗ್ರಾಂ, ಸಾಂಬಾರನ್ನು 9ಕ್ಕೆ ಇಳಿಸಿ. ಆದರೆ ಈ ಲೆಕ್ಕ ನೀರೆಲ್ಲ ಇಂಗುವ ಹಾಗೆ ಮಾಡಿದರೆ ಮಾತ್ರ. ತೆಳಿ ಬಸಿಯುವುದಾದರೆ ಹಾಕಿದ ಉಪ್ಪಿನ ದೊಡ್ಡ ಪಾಲು ತೆಳಿಯ ಜೊತೆ ಹೋಗುತ್ತದೆ, ಅನ್ನದಲ್ಲಿ ಎಷ್ಟು ನಿಂತಿತು ಅಂತ ತೂಕದಿಂದ ಹೇಳಲಿಕ್ಕೆ ಆಗುವುದಿಲ್ಲ.

ಬಂಟ್ವಾಳದಿಂದ:
ತೊವ್ವೆಗೆ 9 ಕಡಿಮೆ ಆಯಿತು ನೋಡಿ. ನಮ್ಮಲ್ಲಿ ತೊವ್ವೆಯನ್ನು ಅನ್ನಕ್ಕೇ ಕಲಸುವುದು, ಸಾಂಬಾರಿನಷ್ಟೇ ಬೇಕು.

ಕಾರ್ಕಳದಿಂದ:
ನನಗೆ 8 ಸಾಕು. ತುಪ್ಪ ಬಿದ್ದರೆ ಅದೇ ಚೆಂದ.

ಉಡುಪಿಯಿಂದ, ಅಡುಗೆ ಕೆಲಸದವರು:
ಇವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಡಿ ಅಕ್ಕ. ಎಲೆ ತುದಿಗೆ ಉಪ್ಪು ಬಡಿಸಲಿಕ್ಕೆ ಮಾತ್ರ ಮರೆಯಬೇಡಿ, ಕಡಿಮೆ ಅಂದವರು ಅಲ್ಲಿಂದ ತೆಗೆದುಕೊಳ್ಳಲಿ.