ಚಿಕ್ಕ ಫ್ಲ್ಯಾಟ್ ತೋರಿಸುವಾಗ ಏಜೆಂಟ್ ಏನು ಹೇಳಬೇಕು? ಮಂಚ, ಬಾತ್‌ರೂಮ್ ಗೋಡೆ, ನೀರು

ಕೇಳಿದವರು (ರಾಜಾಜಿನಗರ): ಏಜೆಂಟ್ ಕೆಲಸಕ್ಕೆ ನಾನು ಹೊಸಬ. ಹಳೆಯ 1 ಬಿಎಚ್‌ಕೆ ಒಂದು ಮಾರಾಟಕ್ಕೆ ಬಂದಿದೆ. ಪತ್ರದಲ್ಲಿ 600 ಚದರ ಅಡಿ, ನಾಲ್ಕು ಮಹಡಿ ಕಟ್ಟಡದಲ್ಲಿ ಮೂರನೆಯದು, ಈಗ ಖಾಲಿ ಇದೆ. ಹತ್ತು ನಿಮಿಷದಲ್ಲಿ ತೋರಿಸಿ ಮುಗಿಸಬೇಕು. ಕೊಳ್ಳೋರು ಸಾಮಾನ್ಯವಾಗಿ ಗಮನಿಸದ ಮೂರು ವಿಷಯ ನಾನೇ ತೋರಿಸೋಣ ಅಂತ. ಯಾವ ಮೂರು? ಹೇಗೆ ಹೇಳಲಿ? ಮಾತು ಬರೆದುಕೊಟ್ಟರೆ ಇನ್ನೂ ಒಳ್ಳೇದು.

ಮಲ್ಲೇಶ್ವರದ ಏಜೆಂಟ್: ಬರೆದುಕೊಡ್ತೀನಿ. ಅದಕ್ಕೆ ಮೊದಲು ಒಂದು ಮಾತು. ಹಾಲ್‌ನಲ್ಲಿ ನಿಂತು "ಇದು ಹಾಲ್, ಅದು ಕಿಚನ್" ಅನ್ನಬೇಡಿ. ಅದು ಅವರಿಗೇ ಕಾಣುತ್ತೆ. ಒಳಗೆ ಬಂದ ಕೂಡಲೇ ಎರಡು ನಿಮಿಷ ಅವರನ್ನ ಅವರ ಪಾಡಿಗೆ ಬಿಡಿ. ಆಮೇಲೆ ಬೆಡ್‌ರೂಮಿಗೆ ಕರೆದುಕೊಂಡು ಹೋಗಿ.

ಹೋಗೋದಕ್ಕೆ ಮುಂಚೆಯೇ ಬೆಡ್‌ರೂಮ್ ನೆಲದ ಮೇಲೆ ಮಂಚದ ಅಳತೆಗೆ ಮಾಸ್ಕಿಂಗ್ ಟೇಪ್ ಅಂಟಿಸಿರಿ. ಕ್ವೀನ್ ಸೈಜ್ ಹಾಸಿಗೆ 5 ಅಡಿ ಅಗಲ, ಆರೂವರೆ ಅಡಿ ಉದ್ದ. ನಿಮ್ಮ ರೂಮು 10 ಅಡಿಗೆ 9 ಅಡಿ ಅಂತ ಇಟ್ಟುಕೊಂಡು ಬರೀತೀನಿ, ಅಳೆದು ಬದಲಾಯಿಸಿಕೊಳ್ಳಿ.

"ಸರ್, ಮೇಡಂ, ಖಾಲಿ ರೂಮು ಯಾವಾಗಲೂ ದೊಡ್ಡದಾಗಿ ಕಾಣುತ್ತೆ. ಈ ಟೇಪ್ ಒಳಗಿರೋ ಜಾಗ ನಿಮ್ಮ ಮಂಚ. ತಲೆದಿಂಬು ಈ 10 ಅಡಿ ಗೋಡೆಗೆ. ಕಾಲ ಕಡೆ ಎರಡೂವರೆ ಅಡಿ ಉಳಿಯುತ್ತೆ. ಅಲ್ಲಿ ಬೀರು ಇಟ್ಟರೆ ಅದೇ ಎರಡು ಅಡಿ ತಿನ್ನುತ್ತೆ, ಬಾಗಿಲು ತೆಗೆಯೋಕೆ ಆಗೋದಿಲ್ಲ. ಹಾಗಾಗಿ ಬೀರು ಪಕ್ಕದ ಗೋಡೆಗೇ ಬರಬೇಕು. ಆಗ ಮಂಚ ಆ ಕಡೆ ಗೋಡೆಗೆ ಸೇರುತ್ತೆ, ನಡುವೆ ಓಡಾಡೋಕೆ 3 ಅಡಿ. ಒಳಗಡೆ ಮಲಗೋರು ಇನ್ನೊಬ್ಬರನ್ನ ದಾಟಿ ಏಳಬೇಕು. ಇದಕ್ಕೆ ಒಪ್ಪಿಗೆ ಇದ್ದರೆ ರೂಮು ಸಾಕು."

ಇಲ್ಲಿ ಸುಮ್ನೆ ನಿಂತುಕೊಳ್ಳಿ. ಗಂಡ ಹೆಂಡತಿ ಆ ಟೇಪ್ ಮೇಲೆ ನಿಂತು ಮಾತಾಡ್ತಾರೆ. ರೂಮಿನ ಬಾಗಿಲನ್ನ ಒಂದು ಸಲ ಪೂರ್ತಿ ತೆಗೆದು ತೋರಿಸಿ, ಬೀರುವಿಗೆ ಬಡಿಯುತ್ತಾ ಇಲ್ಲವಾ ಅಂತ. ಎರಡನೇದು ಬಾತ್‌ರೂಮ್.

"ಮೇಡಂ, ಬಾತ್‌ರೂಮಿನ ಟೈಲ್ಸ್ ಆಮೇಲೆ ನೋಡೋಣ. ಮೊದಲು ಹೊರಗಡೆಯಿಂದ ಈ ಗೋಡೆ ನೋಡಿ. ಬೆಡ್‌ರೂಮಿನ ಈ ಗೋಡೆ ಹಿಂದೆಯೇ ನಲ್ಲಿ ಪೈಪ್ ಇದೆ. ಕೆಳಗಿನ ಒಂದು ಅಡಿ ಮುಟ್ಟಿ ನೋಡಿ, ಟಾರ್ಚ್ ಬಿಡ್ತೀನಿ. ಈಗ ಒಳಗೆ ಬಂದು ಮೇಲೆ ನೋಡೋಣ. ಈ ಸೀಲಿಂಗ್ ಮೇಲಿರೋದು ನಾಲ್ಕನೇ ಮಹಡಿಯವರ ಬಾತ್‌ರೂಮ್."

ಮೂರನೇದು ನೀರು.

"ಸರ್, ಕಾವೇರಿ ಕನೆಕ್ಷನ್ ಇದೆ. ಆದ್ರೆ ಆ ನೀರು ಮೊದಲು ಸಂಪಿಗೆ ಬೀಳುತ್ತೆ, ಬೋರ್‌ವೆಲ್ ನೀರೂ ಅದೇ ಸಂಪಿಗೆ ಬರುತ್ತೆ. ಅಲ್ಲಿಂದ ಮೇಲಿನ ಟ್ಯಾಂಕಿಗೆ ಹೋಗಿ ನಿಮ್ಮ ನಲ್ಲಿಗೆ ಬರುತ್ತೆ. ಷವರ್ ಬಿಡ್ತೀನಿ, ನೀವು ಕಿಚನ್ ನಲ್ಲಿ ಬಿಡಿ. ಎರಡೂ ಒಟ್ಟಿಗೆ ಹೇಗೆ ಬರುತ್ತೆ ನೋಡೋಣ. ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ತರಿಸಿದ್ರು ಅನ್ನೋದಕ್ಕೆ ಅಸೋಸಿಯೇಶನ್ ಬಿಲ್ ತರಿಸಿಕೊಟ್ಟಿದ್ದೀನಿ, ನೋಡಿ."

ಕೊನೇ ವಾಕ್ಯ ನಿಜ ಆಗಿರಬೇಕು ಅಂದ್ರೆ ಬಿಲ್ ಮೊದಲೇ ತರಿಸಿಟ್ಟಿರಿ. ಸಂಪಿನ ವಿಷಯವೂ ಅಷ್ಟೇ, ವಾಚ್‌ಮನ್ ಹತ್ತಿರ ವಿಚಾರಿಸಿ ಆಮೇಲೆ ಹೇಳಿ. ಕೆಲವು ಕಟ್ಟಡದಲ್ಲಿ ಬೋರಿಗೂ ಕಾವೇರಿಗೂ ಬೇರೆ ಬೇರೆ ಟ್ಯಾಂಕ್ ಇರುತ್ತೆ.

ನಾಗರಭಾವಿಯ ಓದುಗ: ಎಲ್ಲಾ ಸರಿ, ಆದ್ರೆ ಮುಖ್ಯವಾದದ್ದೇ ಬಿಟ್ಟಿದ್ದೀರಿ. 600 ಅಂದ್ರೆ ಸೂಪರ್ ಬಿಲ್ಟಪ್. ಅದರಲ್ಲಿ ಶೇಕಡಾ 30 ಕಳೆದುಬಿಡಿ, 420 ಬರುತ್ತೆ. ಅದೇ ಕಾರ್ಪೆಟ್. ಗೋಡೆ ಒಂದೂ ಸೇರೋದಿಲ್ಲ, ಕಾಲಿಡೋ ಜಾಗ ಮಾತ್ರ. ಮೊದಲು ಅದನ್ನ ಹೇಳಿ.

ಸಿವಿಲ್ ಎಂಜಿನಿಯರ್, ವಿಜಯನಗರ: ಮೇಲಿನವರು ಹೇಳಿದ್ದರಲ್ಲಿ ವಿಷಯ ಸರಿ, ಲೆಕ್ಕ ಸರಿಯಿಲ್ಲ. ಶೇಕಡಾ 30 ಅನ್ನೋದು ಎಲ್ಲೂ ಬರೆದಿಟ್ಟ ಅಳತೆ ಅಲ್ಲ. ಮೆಟ್ಟಿಲು, ಲಿಫ್ಟ್, ಕಾರಿಡಾರ್ ಎಷ್ಟಿದೆ ಅನ್ನೋದರ ಮೇಲೆ ಒಂದೊಂದು ಕಟ್ಟಡಕ್ಕೆ ಒಂದೊಂದು ಥರ. 2016ರ ರೇರಾ ಕಾಯ್ದೆಯ ಪ್ರಕಾರ ಫ್ಲ್ಯಾಟಿನ ಒಳಗಿನ ಅಡ್ಡಗೋಡೆಗಳು ಕಾರ್ಪೆಟ್ ಲೆಕ್ಕಕ್ಕೆ ಸೇರುತ್ತವೆ. ಹೊರಗೋಡೆ, ಪೈಪ್ ಹೋಗೋ ಡಕ್ಟ್, ಬಾಲ್ಕನಿ ಸೇರೋದಿಲ್ಲ. ಹಳೆಯ ಕಟ್ಟಡದ ಪತ್ರದಲ್ಲಿ ಬರೀ ಸೂಪರ್ ಬಿಲ್ಟಪ್ ಇರೋದು ಸಾಮಾನ್ಯ. ಹಾಗಾಗಿ ಟೇಪ್ ಹಿಡಿದು ಅಳೆಯಿರಿ, ಅಂದಾಜು ಹೇಳಬೇಡಿ.

ಟೇಪ್ ಇಲ್ಲದಿದ್ದರೆ ಟೈಲ್ಸ್ ಎಣಿಸಬಹುದು. ಹೆಚ್ಚಿನ ಫ್ಲ್ಯಾಟ್‌ಗಳಲ್ಲಿ ಎರಡು ಅಡಿ ಟೈಲ್ಸ್ ಹಾಕಿರ್ತಾರೆ. ಆದ್ರೆ ಅದು 600 ಮಿಲಿಮೀಟರ್, ಪೂರ್ತಿ ಎರಡು ಅಡಿ ಅಲ್ಲ. ಐದು ಟೈಲ್ಸ್ ಅಂದ್ರೆ 9 ಅಡಿ 10 ಇಂಚು. ಬೀರು ಕೂರಿಸುವಾಗ ಆ ಎರಡು ಇಂಚೂ ಬೇಕಾಗುತ್ತೆ.

ಬಾತ್‌ರೂಮ್ ವಿಷಯಕ್ಕೆ ಬರ್ತೀನಿ. ಮೂರರಲ್ಲಿ ಜಾಸ್ತಿ ದುಡ್ಡು ತಿನ್ನೋದು ಇದೇ. ನಮ್ಮಲ್ಲಿ ಬಾತ್‌ರೂಮ್ ಸ್ಲ್ಯಾಬ್ ಅನ್ನ ತಗ್ಗಿಸಿ ಕಟ್ಟಿ, ಪೈಪ್ ಹಾಯಿಸಿ, ಇಟ್ಟಿಗೆ ಚೂರೋ ಸಿಂಡರೋ ತುಂಬಿ, ಮೇಲೆ ಟೈಲ್ಸ್ ಹಾಕ್ತಾರೆ. ಆ ಪೈಪಿನ ಒಂದು ಜಾಯಿಂಟ್ ಸಡಿಲ ಆದ್ರೂ ನೀರು ಆ ತುಂಬಿದ ಜಾಗದಲ್ಲೇ ನಿಲ್ಲುತ್ತೆ. ಮೇಲಿನ ಮನೆಯವರಿಗೆ ಏನೂ ಗೊತ್ತಾಗೋದಿಲ್ಲ. ಗೊತ್ತಾಗೋದು ಕೆಳಗಿನವರಿಗೆ, ಅಂದ್ರೆ ನಿಮ್ಮ ಗಿರಾಕಿಗೆ.

ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಎತ್ತಿಸಿ ಟಾರ್ಚ್ ಬಿಡಿ. ಕಂದು ಬಣ್ಣದ ಉಂಗುರ, ಬಿಳಿ ಉಪ್ಪಿನ ಪುಡಿ, ತುಕ್ಕಿನ ಗೆರೆ, ಇಷ್ಟೇ ಹುಡುಕಬೇಕಾದ್ದು. ಗೋಡೆ ನೋಡುವಾಗ ಟಾರ್ಚನ್ನ ಎದುರಿಂದ ಬಿಡಬೇಡಿ. ಗೋಡೆಗೇ ಒರಗಿಸಿ ಪಕ್ಕದಿಂದ ಬಿಡಿ. ಬಣ್ಣ ಉಬ್ಬಿರೋದು, ಪುಟ್ಟಿ ಹಚ್ಚಿ ತೇಪೆ ಹಾಕಿರೋದು ಆಗ ಎದ್ದು ಕಾಣುತ್ತೆ. ಮನೆಯೆಲ್ಲಾ ಹಳೆ ಬಣ್ಣ ಇದ್ದು ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಓನರ್ ಹತ್ತಿರ ಕಾರಣ ಕೇಳಲೇಬೇಕು.

ಒಣಗಿದೆ ಅಂದ ಮಾತ್ರಕ್ಕೆ ಸರಿಯಿದೆ ಅಂತಲೂ ಅಲ್ಲ. ಮೇಲಿನ ಮನೆ ಖಾಲಿ ಬಿದ್ದಿದ್ದರೆ ಸೀಲಿಂಗ್ ಒಣಗುತ್ತೆ, ಕಲೆ ಮಾತ್ರ ಉಳಿಯುತ್ತೆ. ಅದಕ್ಕೆ ಮೇಲೆ ಜನ ಇದ್ದಾರಾ ಅಂತ ಕೇಳಿಕೊಳ್ಳಿ. ಮಳೆಗಾಲದಲ್ಲಿ ಮಾತ್ರ, ಕಿಟಕಿ ಸುತ್ತ, ಹೊರಗೋಡೆಯಲ್ಲಿ ಬರೋ ತೇವ ಬೇರೆ. ಅದು ಹೊರಗಿನ ಬಿರುಕು. ಎರಡನ್ನೂ ಒಂದೇ ಅಂದುಕೊಂಡರೆ ರಿಪೇರಿ ತಪ್ಪು ಜಾಗಕ್ಕೆ ಹೋಗುತ್ತೆ.

ಕೆಂಗೇರಿಯಲ್ಲಿ ಫ್ಲ್ಯಾಟ್ ಕೊಂಡವರು: ನನ್ನ ಪ್ರಕಾರ ಇದ್ಯಾವುದೂ ಮೊದಲನೇದಲ್ಲ. ಖಾತಾ ನೋಡಿ. ನಾವು ಕೊಂಡಿದ್ದು ಬಿ ಖಾತಾ. ಬ್ಯಾಂಕಿನವರು ಸಾಲ ಕೊಡೋಕೆ ಆಗಲ್ಲ ಅಂದ್ರು, ಕೊನೆಗೆ ಜಾಸ್ತಿ ಬಡ್ಡಿಗೆ ಬೇರೆ ಕಡೆ ತಗೊಂಡ್ವಿ. ಈಗ ಇ-ಖಾತಾ ಇಲ್ಲದೆ ಬೆಂಗಳೂರಲ್ಲಿ ನೋಂದಣಿ ಮಾಡೋದಿಲ್ಲ. ಏಜೆಂಟ್ ಆದವರು ಮೊದಲು ಅದನ್ನ ಹೇಳಬೇಕು. ಗೋಡೆ ಮುಟ್ಟಿಸಿ ಏನು ಪ್ರಯೋಜನ?

ಮಲ್ಲೇಶ್ವರದ ಏಜೆಂಟ್: ಅಣ್ಣ, ನಿಮಗಾದ ತೊಂದರೆ ಸಣ್ಣದಲ್ಲ. ಆದ್ರೆ ಖಾತಾ ಅನ್ನೋದು ಫ್ಲ್ಯಾಟ್ ಒಳಗೆ ನಿಂತು ನೋಡೋ ವಿಷಯ ಅಲ್ಲ. ಅದನ್ನ ನೋಡೋಕೆ ಬರೋ ಮುಂಚೆಯೇ ವಾಟ್ಸಾಪಿನಲ್ಲಿ ಕಳಿಸಿಬಿಡಬೇಕು. ಅದು ಸರಿಯಿಲ್ಲದಿದ್ದರೆ ಅವರು ಅಷ್ಟು ದೂರ ಬರೋದೇ ಬೇಡ. ಇವರು ಕೇಳಿದ್ದು ಆ ಹತ್ತು ನಿಮಿಷದ ಮಾತು.

ಅಸೋಸಿಯೇಶನ್ ಕಾರ್ಯದರ್ಶಿ, ಬಸವೇಶ್ವರನಗರ: ನೀರಿನ ಬಗ್ಗೆ ನಾನು ಸೇರಿಸ್ತೀನಿ, ನಮ್ಮ ಕಟ್ಟಡದ ಬಿಲ್ ನಾನೇ ಬರೆಯೋದು. ಮೇಂಟೆನನ್ಸ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಏಪ್ರಿಲ್ ತಿಂಗಳದ್ದು ಎಷ್ಟು ಅಂತ ಕೇಳೋದು ಅಪರೂಪ. 2024ರ ಬೇಸಿಗೆಯಲ್ಲಿ ಬೋರ್ ಬತ್ತಿದ ಕಟ್ಟಡಗಳಲ್ಲಿ ಟ್ಯಾಂಕರ್ ಖರ್ಚನ್ನ ಮನೆಮನೆಗೂ ಹಂಚಿದ್ರು. ನವೆಂಬರ್ ಬಿಲ್ ತೋರಿಸಿದ್ರೆ ಅದು ಗೊತ್ತೇ ಆಗೋದಿಲ್ಲ. ಮಾರ್ಚ್, ಏಪ್ರಿಲ್, ಮೇ ಬಿಲ್ ಕೇಳಿ. ಹಂಚಿಕೆ ಮನೆಗೆ ಇಷ್ಟು ಅಂತಲೋ, ಚದರ ಅಡಿ ಲೆಕ್ಕವೋ ಅನ್ನೋದನ್ನೂ ಕೇಳಿ. ಚಿಕ್ಕ ಫ್ಲ್ಯಾಟಿನವರಿಗೆ ಮನೆಗೆ ಇಷ್ಟು ಅನ್ನೋದು ಹೊರೆ.

ಹರಿವು ನೋಡೋಕೆ 20 ಲೀಟರ್ ಬಕೆಟ್ ಇಡಿ. ಎರಡು ನಿಮಿಷದಲ್ಲಿ ತುಂಬಿದ್ರೆ ಚೆನ್ನಾಗಿದೆ. ಐದು ನಿಮಿಷ ಆದ್ರೆ ಬೆಳಿಗ್ಗೆ ಹೊತ್ತು ಕಷ್ಟ. ನಲ್ಲಿಯ ಬಾಯಿ ಜಾಲರಿ ಬಿಚ್ಚಿ ನೋಡಿ. ಬಿಳಿ ಗಟ್ಟಿ ಪದರ ಕಟ್ಟಿದ್ದರೆ ಬರ್ತಾ ಇರೋದು ಹೆಚ್ಚಾಗಿ ಬೋರ್ ನೀರೇ. ಆದ್ರೆ ಜಾಲರಿ ಕಟ್ಟಿಕೊಂಡಿದ್ದರೂ ನೀರು ಸಣ್ಣಗೆ ಬರುತ್ತೆ. ಅದನ್ನ ಬಿಚ್ಚಿ ಇನ್ನೊಂದು ಸಲ ಬಕೆಟ್ ಇಡಿ, ಆಮೇಲೆ ಪೈಪಿನ ಮೇಲೆ ತಪ್ಪು ಹೊರಿಸಿ.

ಕೇಳಿದವರು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ಹೋಗಿ ನೋಡಿದೆ. ರೂಮು 10 ಇಲ್ಲ, ಒಂಬತ್ತೂವರೆ ಅಡಿಗೆ 9. ಬಾತ್‌ರೂಮ್ ಸೀಲಿಂಗ್‌ನಲ್ಲಿ ಊಟದ ತಟ್ಟೆಯಷ್ಟಗಲ ಕಂದು ಕಲೆ ಇದೆ, ಮುಟ್ಟಿದ್ರೆ ಒಣಗಿದೆ. ಓನರ್ "ಅದು ಹಳೇದು, ಮೇಲಿನವರು ಸರಿ ಮಾಡಿಸಿದ್ದಾರೆ, ಆ ವಿಷಯ ಎತ್ತಬೇಡಿ" ಅಂತಾರೆ. ತೋರಿಸೋ ದಿನ ಅವರೂ ಪಕ್ಕದಲ್ಲೇ ಇರ್ತಾರಂತೆ. ಏನು ಮಾಡಲಿ?

ಸಿವಿಲ್ ಎಂಜಿನಿಯರ್, ವಿಜಯನಗರ: ಓನರ್ ಹೇಳೋದು ನಿಜವೂ ಇರಬಹುದು. ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮೇಲೆ ಜನ ಇರೋ ಹಾಗಿದ್ದರೆ ಎರಡು ವಾರ ಬಿಟ್ಟು ನೋಡಿ. ಗೆರೆ ದಾಟಿದ್ರೆ ಸೋರ್ತಾ ಇದೆ. ದಾಟದಿದ್ದರೆ ಹಳೇದು ಅನ್ನೋಕೆ ಒಂದು ಆಧಾರ ಸಿಕ್ಕಿತು, ಗ್ಯಾರಂಟಿ ಅಲ್ಲ. ಸಣ್ಣ ಸೋರಿಕೆ ಕೆಲವು ಸಲ ನಿಂತು ನಿಂತು ಬರುತ್ತೆ.

ಮಲ್ಲೇಶ್ವರದ ಏಜೆಂಟ್: ಮಾತು ಹೀಗೆ ಬದಲಾಯಿಸಿ: "ಇಲ್ಲಿ ಒಂದು ಕಲೆ ಇದೆ. ಮೇಲಿನವರು ಸರಿ ಮಾಡಿಸಿದ್ದಾರೆ ಅಂತ ಓನರ್ ಹೇಳ್ತಾರೆ. ಪ್ಲಂಬರ್ ಬಿಲ್ ಇದ್ದರೆ ತೋರಿಸ್ತಾರೆ." ಹೇಳಿದ್ದು ಓನರ್, ತೋರಿಸಿದ್ದು ನೀವು. ಓನರಿಗೂ ಮೊದಲೇ ಫೋನ್ ಮಾಡಿ, ಈ ಮಾತು ಹೇಳ್ತೀನಿ ಅಂತ ತಿಳಿಸಿಬಿಡಿ.

ಇನ್ನೊಬ್ಬ ಏಜೆಂಟ್, ಹೆಬ್ಬಾಳ: ನಾನು ಒಪ್ಪಲ್ಲ. ಕಮಿಷನ್ ಕೊಡೋದು ಓನರ್ ಆಗಿದ್ದರೆ ಅವರು ಬೇಡ ಅಂದಿದ್ದನ್ನ ನಾವು ಎತ್ತೋದು ಸರಿಯಲ್ಲ. ಕೇಳಿದ್ರೆ ಸುಳ್ಳು ಹೇಳಬಾರದು, ಅಷ್ಟೇ. ಕಲೆ ಕಣ್ಣಿಗೆ ಕಾಣೋ ಜಾಗದಲ್ಲೇ ಇದೆ ಅಲ್ವಾ?

ಮಲ್ಲೇಶ್ವರದ ಏಜೆಂಟ್: ಬಾತ್‌ರೂಮಿಗೆ ಹೋದವರು ಟೈಲ್ಸ್ ನೋಡ್ತಾರೆ, ತಲೆ ಎತ್ತೋದಿಲ್ಲ. ನೋಡಿದ ಮೇಲೂ ನಾನು ಸುಮ್ಮನಿದ್ದು, ಮನೆ ಸೇರಿದ ಮೊದಲ ತಿಂಗಳಲ್ಲೇ ಸೋರಿದ್ರೆ ಅವರು ಫೋನ್ ಮಾಡೋದು ನನಗೇ. ಇದರಲ್ಲಿ ನಿಮ್ಮ ದಾರಿ ನಿಮಗೆ, ನನ್ನದು ನನಗೆ.

ಕೇಳಿದವರಿಗೆ ಇನ್ನೊಂದು: ರೂಮು ಒಂಬತ್ತೂವರೆ ಆದ್ರೆ ನಡುವೆ ಉಳಿಯೋದು ಎರಡೂವರೆ ಅಡಿ. ಬೀರು ಬಾಗಿಲು ಒಂದೂವರೆ ಅಡಿ ಅಗಲ ಇದ್ದರೆ ತೆಗೆದಾಗ ನಿಂತುಕೊಳ್ಳೋಕೆ ಒಂದೇ ಅಡಿ. ಜಾರೋ ಬಾಗಿಲಿನ ಬೀರು ಆದ್ರೆ ಈ ತೊಂದರೆ ಇಲ್ಲ ಅಂತ ಅಲ್ಲೇ ಹೇಳಿ. ಮಂಚದ ಟೇಪ್ ಹಾಗೇ ಇರಲಿ, ಮಾತಿನಲ್ಲಿ ಮಾತ್ರ ಹೊಸ ಅಳತೆ ಹೇಳಿ.