ಅರ್ಧ ಫಸಲು ಕೊಳೆಗೆ ಹೋಯಿತು, ವಿಮೆ ಬಂದಿದ್ದು 1,100 ರೂಪಾಯಿ. ಇದು ಯಾವ ಲೆಕ್ಕ?

ಹಳ್ಳದಂಚಿನ ತೋಟ, ಶಿರಸಿ:
ನಮ್ಮದು 32 ಗುಂಟೆ ಅಡಿಕೆ ತೋಟ. ಹವಾಮಾನ ವಿಮೆಗೆ ಸೊಸೈಟಿಯಲ್ಲಿ 2,072 ರೂಪಾಯಿ ಕಟ್ಟಿದ್ದೆ. ಆ ಮಳೆಗಾಲದಲ್ಲಿ ಕೊಳೆ ರೋಗ ಬಂದು ಆರು ಕ್ವಿಂಟಲ್ ಆಗುವ ಕಡೆ ಮೂರೇ ಕ್ವಿಂಟಲ್ ಚಾಲಿ ಅಡಿಕೆ ಆಯಿತು. ಖಾತೆಗೆ ಬಿದ್ದಿದ್ದು 1,100. ಹೊಳೆ ಆಚೆ ನಮ್ಮ ಭಾವನ ತೋಟ 30 ಗುಂಟೆ. ಅವರು ಅಡಿಕೆ ಕೊನೆಗೆಲ್ಲ ಮಳೆ ತಾಗದಂತೆ ಕೊಟ್ಟೆ ಕಟ್ಟಿಸಿದ್ದರು, ಹತ್ತಿರ ಹತ್ತಿರ ಏನೂ ಹೋಗಿಲ್ಲ. ಅವರಿಗೆ 5,525 ಬಂತು! ನಷ್ಟ ಆದವನಿಗೆ ಕಡಿಮೆ, ಆಗದವರಿಗೆ ಜಾಸ್ತಿ. ಯಾರಾದರೂ ಗೊತ್ತಿದ್ದವರು ಬಿಡಿಸಿ ಹೇಳಿ.

ಗದ್ದೆಬಯಲು:
ನೀವು 72 ಗಂಟೆಯೊಳಗೆ ಫೋನ್ ಮಾಡಿ ತಿಳಿಸಬೇಕಿತ್ತು. ವಿಮೆಯವರು ಬಂದು ಸರ್ವೆ ಮಾಡಿದ ಮೇಲೇ ದುಡ್ಡು. ನಮಗೆ ಭತ್ತದ್ದು ಹಾಗೇ ಬಂದಿದ್ದು. ಸುಮ್ನೆ ಕೂತರೆ ಬರೋದಿಲ್ಲ.

ಮಳೆಲೆಕ್ಕ, ಬೆಳೆ ವಿಮೆ ಕೆಲಸದಲ್ಲಿರುವವನು:
ಗದ್ದೆಬಯಲು ಅವರ ಮಾತು ಭತ್ತಕ್ಕೆ ಸರಿ. ಅದು ಫಸಲ್ ಬಿಮಾ. ಗುಡ್ಡ ಕುಸಿದು ಗದ್ದೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು, ನೋಡಲು ಜನ ಬರುತ್ತಾರೆ. ಅಡಿಕೆಗೆ ನೀವು ಕಟ್ಟಿದ್ದು ಬೇರೆ ಯೋಜನೆ. ಅದರಲ್ಲಿ ಮಳೆ ಲೆಕ್ಕಕ್ಕೆ ತೋಟಕ್ಕೆ ಯಾರೂ ಬರುವುದಿಲ್ಲ. ಕೊಳೆ ಬಿದ್ದ ಅಡಿಕೆ ರಾಶಿಯ ಫೋಟೋ ಕಳಿಸಿದರೂ ಅದಕ್ಕೆ ಬೆಲೆ ಇಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳಿತು ಅಷ್ಟೇ. ಭಾವ ಕೊಟ್ಟೆ ಕಟ್ಟಿದ್ದು ಆ ಯಂತ್ರಕ್ಕೆ ಕಾಣುವುದಿಲ್ಲ, ನಿಮ್ಮ ಮೂರು ಕ್ವಿಂಟಲ್ ಹೋಗಿದ್ದೂ ಕಾಣುವುದಿಲ್ಲ.

ಲೆಕ್ಕ ಟರ್ಮ್ ಶೀಟ್ ಎಂಬ ಹಾಳೆಯಲ್ಲಿರುತ್ತದೆ. ಜಿಲ್ಲೆಗೆ, ಬೆಳೆಗೆ ಬೇರೆ ಬೇರೆ. ಹೆಚ್ಚಿನವರು ಪ್ರೀಮಿಯಂ ರಸೀದಿ ಜೋಪಾನ ಮಾಡುತ್ತಾರೆ, ಈ ಹಾಳೆ ಕೇಳುವುದೇ ಇಲ್ಲ. ನಾನೂ ಕೆಲಸಕ್ಕೆ ಸೇರಿ ಎಷ್ಟೋ ದಿನದ ಮೇಲೆ ಅದನ್ನು ಪೂರ್ತಿ ಓದಿದ್ದು. ನಿಮ್ಮ ಪಂಚಾಯಿತಿಯ ಮತ್ತು ಭಾವನ ಪಂಚಾಯಿತಿಯ ಜುಲೈ, ಆಗಸ್ಟ್ ದಿನವಾರು ಮಳೆ ಸಿಕ್ಕರೆ ಹಾಕಿ, ಬಿಡಿಸಿ ತೋರಿಸುತ್ತೇನೆ.

ಅಂಕೋಲಾ ಕಡೆಯವ:
ನಮ್ಮಲ್ಲಿ ಗಾಳಿಗೆ 40 ಮರ ಬಿದ್ದಿದೆ ಮಾರಾಯ್ರೆ. ವಿಮೆ ಇದೆ. ಒಂದು ಪೈಸೆ ಇಲ್ಲ. ಮಳೆ ಲೆಕ್ಕ ಕಟ್ಟಿಕೊಂಡು ನಾನೇನು ಮಾಡಲಿ?

ಮಳೆಲೆಕ್ಕ:
ಮಳೆಮಾಪಕ ಗಾಳಿ ಅಳೆಯುವುದಿಲ್ಲ. ಹಾಳೆಯಲ್ಲಿ ಗಾಳಿಯ ಸಾಲು ಇಲ್ಲದಿದ್ದರೆ ಮರ ಬಿದ್ದಿದ್ದಕ್ಕೆ ಈ ವಿಮೆಯಿಂದ ದಾರಿ ಇಲ್ಲ. ಗ್ರಾಮ ಆಡಳಿತಾಧಿಕಾರಿ ಹತ್ತಿರ ಪ್ರಕೃತಿ ವಿಕೋಪದ ಪರಿಹಾರಕ್ಕೆ ಅರ್ಜಿ ಕೊಡಿ. ನಷ್ಟ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಆದರೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಅಂತ ಅದರ 2022–26ರ ನಿಯಮದಲ್ಲಿತ್ತು. ಅದು ವಿಮೆ ಅಲ್ಲ, ಸರ್ಕಾರದ ಪರಿಹಾರ. ಅದಕ್ಕಾದರೆ ಫೋಟೋ, ಪಂಚನಾಮೆ ಎಲ್ಲ ಬೇಕು.

ಹಳ್ಳದಂಚಿನ ತೋಟ:
ಮಳೆ ಪಟ್ಟಿ ಸಿಕ್ಕಿತು. ಎರಡು ತಿಂಗಳಲ್ಲಿ ನಮ್ಮ ಪಂಚಾಯಿತಿ 1,770 ಮಿ.ಮೀ., ಭಾವನ ಕಡೆ 1,910. ಜುಲೈನಲ್ಲಿ ಅವರಿಗೆ 14 ದಿನ ಎಡೆಬಿಡದೆ ಜೋರು ಮಳೆ. ನಮಗೆ 9 ದಿನ ಜೋರು, ಆಮೇಲೆ ಒಂದು ದಿನ 17 ಮಿ.ಮೀ., ಮತ್ತೆ 8 ದಿನ ಜೋರು. ನನ್ನ ಕಣ್ಣಿಗೆ ನಮ್ಮ ಕಡೆಯೇ ಜಾಸ್ತಿ ದಿನ ಹೊಡೆದಿದೆ.

ಮಳೆಲೆಕ್ಕ:
ಆ 17 ಮಿ.ಮೀ. ದಿನದಲ್ಲೇ ಇರಬೇಕು ನಿಮ್ಮ ಕಥೆ. ನಿಮ್ಮ ವರ್ಷದ ಹಾಳೆ ನನ್ನ ಕೈಯಲ್ಲಿ ಇಲ್ಲ. ಹಾಗಾಗಿ ನಿಮ್ಮಿಬ್ಬರ ಮೊತ್ತಕ್ಕೆ ಹೊಂದುವ ದುಂಡು ಅಂಕಿ ಹಾಕಿ ತೋರಿಸುತ್ತೇನೆ. ಲೆಕ್ಕದ ರೀತಿ ಇದೇ, ಅಂಕಿ ಮಾತ್ರ ನಿಮ್ಮ ಹಾಳೆ ನೋಡಿ ತಿದ್ದಿಕೊಳ್ಳಿ.

ಒಂದು ಸಾಲು ಒಟ್ಟು ಮಳೆಯದು. ಎರಡು ತಿಂಗಳಲ್ಲಿ 1,600 ಮಿ.ಮೀ. ದಾಟಿದರೆ, ದಾಟಿದ ಪ್ರತಿ ಮಿ.ಮೀ.ಗೆ ಹೆಕ್ಟೇರಿಗೆ 20 ರೂಪಾಯಿ ಅಂತಿರಲಿ. ನಿಮ್ಮದು 170 ಜಾಸ್ತಿ, ಅಂದರೆ ಹೆಕ್ಟೇರಿಗೆ 3,400. ಭಾವನದು 310 ಜಾಸ್ತಿ, 6,200.

ಇನ್ನೊಂದು ಸಾಲು ಕೊಳೆಗೆ ಅನುಕೂಲ ಆಗುವ ಹವೆಯದು. ದಿನಕ್ಕೆ 20 ಮಿ.ಮೀ.ಗೆ ಕಡಿಮೆ ಇಲ್ಲದ ಮಳೆ ಸತತ ಹತ್ತು ದಿನ ಬಂದರೆ ಹೆಕ್ಟೇರಿಗೆ 12,000 ಅಂತಿರಲಿ. ಭಾವನ ಕಡೆ 14 ದಿನ, ಸಿಕ್ಕಿತು. ನಿಮ್ಮದು ಒಂಬತ್ತಕ್ಕೆ ನಿಂತಿತು. 17ರ ದಿನ ಎಣಿಕೆ ಸೊನ್ನೆಗೆ ಬಿತ್ತು, ಮಾರನೇ ದಿನ ಮತ್ತೆ ಒಂದರಿಂದ ಶುರು, ಎಂಟಕ್ಕೆ ಮುಗಿಯಿತು. 18 ದಿನ ತೋಟ ಒದ್ದೆಯಾಗೇ ಇತ್ತು, ಹಾಳೆಯ ಪ್ರಕಾರ ಒಂದೂ ಹತ್ತು ದಿನದ ಕಂತು ಇಲ್ಲ. ಕೊಳೆಯ ಶಿಲೀಂಧ್ರಕ್ಕೆ 17 ಮತ್ತು 20ರ ನಡುವೆ ವ್ಯತ್ಯಾಸ ಗೊತ್ತಿಲ್ಲ. ಮೋಡ, ತಂಪು, ಒದ್ದೆ ಕೊನೆ ಇದ್ದರೆ ಅದಕ್ಕೆ ಸಾಕು. ಮಧ್ಯೆ ಮಧ್ಯೆ ಬಿಸಿಲು ಬಂದು ಹೋಗುವ ಮಳೆಯಲ್ಲೂ ಅದು ಹಬ್ಬುತ್ತದೆ.

ಈಗ ಕ್ಷೇತ್ರ. ಒಂದು ಹೆಕ್ಟೇರ್ ಅಂದರೆ ಸುಮಾರು 99 ಗುಂಟೆ. 32 ಗುಂಟೆಗೆ 0.324 ಹೆಕ್ಟೇರ್. ನಿಮ್ಮ 3,400ನ್ನು ಅದರಿಂದ ಗುಣಿಸಿದರೆ ಸುಮಾರು 1,100. ಭಾವನದು 6,200 ಮತ್ತು 12,000 ಸೇರಿ 18,200, ಅವರ 30 ಗುಂಟೆಗೆ ಸುಮಾರು 5,525. ಆ ಒಂದು ದಿನ ಮೂರು ಮಿ.ಮೀ. ಜಾಸ್ತಿ ಬಿದ್ದಿದ್ದರೆ ನಿಮಗೂ ಐದು ಸಾವಿರದ ಹತ್ತಿರ ಬರುತ್ತಿತ್ತು.

ಗದ್ದೆಬಯಲು:
ಐದು ಸಾವಿರ ಬಂದರೂ ಏನಾಯಿತು? ಹೋಗಿದ್ದು ಲಕ್ಷದ ಮೇಲೆ.

ಮಳೆಲೆಕ್ಕ:
ಹೌದು, ಅದು ಎರಡನೇ ಅಂತರ. ಅವರು ಕಟ್ಟಿದ 2,072 ಹೆಕ್ಟೇರಿಗೆ 6,400ರ ಲೆಕ್ಕ. ಅದು ವಿಮಾ ಮೊತ್ತದ ಶೇ. 5, ಅಂದರೆ ಹೆಕ್ಟೇರಿಗೆ 1,28,000. 32 ಗುಂಟೆಗೆ 41,440 ರೂಪಾಯಿ. ಎಲ್ಲ ಸಾಲುಗಳೂ ತುದಿ ಮುಟ್ಟಿದರೂ ಬರುವ ಗರಿಷ್ಠ ಇಷ್ಟೇ. ಚಾಲಿಗೆ ಕ್ವಿಂಟಲ್‌ಗೆ 40,000 ಅಂತ ಹಿಡಿದರೆ ಅವರ ಆರು ಕ್ವಿಂಟಲ್ 2.4 ಲಕ್ಷ. ವಿಮೆ ಇರುವುದು ಫಸಲಿನ ಬೆಲೆಗೆ ಅಲ್ಲ. ಆ 41,440 ಕೂಡ ಬೇರೆ ಬೇರೆ ತಿಂಗಳಿಗೆ, ಬೇರೆ ಬೇರೆ ಸಾಲಿಗೆ ಹಂಚಿ ಹೋಗಿರುತ್ತದೆ. ಕೊಳೆಯ ಸಾಲಿಗೆ ಅದರಲ್ಲಿ ಒಂದು ಪಾಲು ಮಾತ್ರ.

ಇದನ್ನು ನಾನು ಸಮರ್ಥಿಸುತ್ತಿಲ್ಲ. ಘಟ್ಟದ ಅಂಚಿನಲ್ಲಿ ಎರಡು ಮೈಲಿಗೆ ಮಳೆ ಬದಲಾಗುತ್ತದೆ. ಒಂದು ಪಂಚಾಯಿತಿಗೆ ಒಂದೇ ಮಾಪಕ ಅಂದರೆ ಹೊಳೆಯ ಒಂದು ದಂಡೆಗೆ ನ್ಯಾಯ, ಇನ್ನೊಂದಕ್ಕೆ ಅನ್ಯಾಯ ಆಗಿಯೇ ಆಗುತ್ತದೆ. ಆದರೆ ಮನೆ ಮನೆಗೆ ಸರ್ವೆ ಅಂದರೆ ಅದರ ಖರ್ಚು, ತಕರಾರು ಬೇರೆ. ಯಾವುದು ಮೇಲು ಅನ್ನುವುದು ನಮ್ಮ ಆಫೀಸಿನಲ್ಲೂ ಮುಗಿಯದ ಜಗಳ.

ಹಳ್ಳದಂಚಿನ ತೋಟ:
ಒಂದು ನಿಮಿಷ. ನಾನು ಅಂಗಳದಲ್ಲಿ ಬಕೆಟ್ ಇಟ್ಟು ಮಳೆ ಬರೆದಿಡುತ್ತೇನೆ. ಆ 17ರ ದಿನ ನನ್ನ ಪುಸ್ತಕದಲ್ಲಿ 41 ಮಿ.ಮೀ. ಇದೆ! ಮಾಪಕ ಇರುವುದು ಮೂರು ಕಿ.ಮೀ. ದೂರ. ಮಾಪಕವೇ ಕೆಟ್ಟಿದೆ ಅಂತ ಹೇಳಬಹುದಾ?

ಮಳೆಲೆಕ್ಕ:
ಬಕೆಟ್ ಮೇಲೆ ಅಗಲ, ಕೆಳಗೆ ಕಿರಿದೇ? ಸ್ಕೇಲ್ ಹಾಕಿ ಅಳೆದಿರಾ? ಹಾಗಾದರೆ 41 ತಪ್ಪು. ಅಗಲವಾದ ಬಾಯಿಗೆ ಬಿದ್ದ ನೀರು ಕಿರಿದಾದ ತಳದಲ್ಲಿ ನಿಂತು ಎತ್ತರ ತೋರಿಸುತ್ತದೆ. ಈಗಲೂ ಸರಿ ಮಾಡಬಹುದು. ಅದೇ ಬಕೆಟ್‌ಗೆ 41 ಮಿ.ಮೀ. ಗುರುತಿನವರೆಗೆ ನೀರು ಹಾಕಿ, ಲೀಟರ್ ಪಾತ್ರೆಯಲ್ಲಿ ಅಳೆಯಿರಿ. ಬಾಯಿಯ ಅಡ್ಡಳತೆಯನ್ನೂ ಹೇಳಿ.

ಹಳ್ಳದಂಚಿನ ತೋಟ:
ಬಾಯಿ 28 ಸೆಂ.ಮೀ. ನೀರು 1.35 ಲೀಟರ್.

ಮಳೆಲೆಕ್ಕ:
28 ಸೆಂ.ಮೀ. ಬಾಯಿಗೆ ಒಂದು ಲೀಟರ್ ಅಂದರೆ ಸುಮಾರು 16 ಮಿ.ಮೀ. ಮಳೆ. ನಿಮ್ಮದು 22 ಆಯಿತು. 41 ಅಲ್ಲ, ಆದರೆ 17ಕ್ಕಿಂತ ಜಾಸ್ತಿ, 20ರ ಗೆರೆಗಿಂತಲೂ ಎರಡು ಮೇಲೆ. ನೀವು ದಿನ ಎಷ್ಟು ಹೊತ್ತಿಗೆ ಅಳೆಯುತ್ತೀರಿ?

ಹಳ್ಳದಂಚಿನ ತೋಟ:
ಆರು ಗಂಟೆಗೆ, ಹಾಲು ಕರೆಯಲು ಹೋಗುವಾಗ.

ಮಳೆಲೆಕ್ಕ:
ಅಲ್ಲೇ ತೊಡಕು. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆರರಿಂದ ಎಂಟೂವರೆ ನಡುವೆ ಬಿದ್ದ ಮಳೆ ಅವರಲ್ಲಿ ಈ ದಿನಕ್ಕೆ, ನಿಮ್ಮಲ್ಲಿ ಮಾರನೇ ದಿನಕ್ಕೆ ಸೇರುತ್ತದೆ. ಹಾಗಾಗಿ ನಿಮ್ಮ 22 ಮತ್ತು ಅವರ 17 ಒಂದೇ 24 ಗಂಟೆಯ ಮಳೆ ಅಲ್ಲ. ಜೊತೆಗೆ ಮೂರು ಕಿ.ಮೀ. ಅಂತರ. ಮಾಪಕ ಕೆಟ್ಟಿದೆ ಅನ್ನಲು ಇಷ್ಟು ಸಾಲದು.

ಕೆಟ್ಟ ಮಾಪಕ ಸಾಮಾನ್ಯವಾಗಿ ಹೀಗೆ ಸಣ್ಣ ವ್ಯತ್ಯಾಸ ತೋರಿಸುವುದಿಲ್ಲ. ಒಳಗಿನ ಪುಟ್ಟ ತೊಟ್ಟಿ ತುಂಬಿದಾಗೆಲ್ಲ ಮಗುಚಿ ಒಂದೊಂದು ಎಣಿಕೆ ಕೊಡುತ್ತದೆ. ಕೊಳವೆಗೆ ಎಲೆಯೋ ಜೇಡರ ಬಲೆಯೋ ಸಿಕ್ಕಿಕೊಂಡರೆ ಸುತ್ತಲಿನ ಪಂಚಾಯಿತಿಗಳಲ್ಲಿ 60, 80 ಇರುವಾಗ ಇದು ಸೊನ್ನೆ ತೋರಿಸುತ್ತದೆ, ಇಲ್ಲವೇ ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತ ಚೂರು ಚೂರು ಎಣಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ 18 ದಿನಗಳ 15 ನಿಮಿಷದ ದಾಖಲೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಮಾಪಕ ಆ ದಿನಗಳಲ್ಲಿ ನಡೆಯುತ್ತಿತ್ತೇ, ಇಲ್ಲದಿದ್ದರೆ ಯಾವ ಪಕ್ಕದ ಕೇಂದ್ರದ ಅಂಕಿ ತೆಗೆದುಕೊಂಡರು ಅಂತಲೂ ಕೇಳಿ. ತೋಟಗಾರಿಕೆ ಇಲಾಖೆಗೆ ತಕರಾರು ಕೊಡುವಾಗ ಆ ಕಾಗದ ಬೇಕಾಗುತ್ತದೆ. ಬಕೆಟ್ ಪುಸ್ತಕ ಜೊತೆಗಿರಲಿ, ಅದೊಂದೇ ನಿಲ್ಲುವುದಿಲ್ಲ. ಇವೆಲ್ಲಕ್ಕಿಂತ ಮೊದಲು ಹಾಳೆ ತರಿಸಿ, ಗೆರೆ ನಿಜಕ್ಕೂ 20 ಇದೆಯೇ ನೋಡಿ.

ಅಂಕೋಲಾ ಕಡೆಯವ:
ಭಾವನ ಹತ್ತಿರ ಅರ್ಧ ಕೇಳಿ, ಅದು ಸುಲಭ.

ಹಳ್ಳದಂಚಿನ ತೋಟ:
ಕೇಳಿದೆ. ಕೊಟ್ಟೆ ಕಟ್ಟಿದ ಕೊನೆಗೌಡನಿಗೆ ಕೊಟ್ಟು ಮುಗಿಯಿತಂತೆ. ಸೋಮವಾರ ಸೊಸೈಟಿಗೆ ಹೋಗಿ ಹಾಳೆ ಕೇಳುತ್ತೇನೆ. ಬಕೆಟ್ ಬದಲು ನೇರ ಗೋಡೆಯ ಡಬ್ಬ ಇಟ್ಟಿದ್ದೇನೆ. ಎಂಟೂವರೆಗೆ ಅಳೆಯಲು ಮಗಳಿಗೆ ಹೇಳಿದ್ದೇನೆ, ಆ ಹೊತ್ತಿಗೆ ಅವಳಿಗೆ ಕಾಲೇಜ್ ಬಸ್ಸು. ನೋಡಬೇಕು.